ಆಫೀಸಿನ ಕ್ರಶ್‌ಗೆ ಯಾವುದನ್ನು ಎತ್ತಬೇಕು: ಓರಕಲ್ ಕಾರ್ಡೋ, ರೂನ್ ಕಲ್ಲೋ, ಟ್ಯಾರೋನೋ?

ಒಂದು ಭಾನುವಾರ ಮಧ್ಯಾಹ್ನ ಗೆಳತಿಯೊಬ್ಬಳು ಬಂದು ಚಾಪೆ ಮೇಲೆ ಕೂತವಳೇ, "ಅವನಿಗೆ ನನ್ನ ಮೇಲೆ ಮನಸ್ಸಿದೆಯಾ ಇಲ್ವಾ, ಅಷ್ಟು ಹೇಳು ಸಾಕು" ಅಂದಳು. ಅವನು ಅಂದರೆ ಅವಳ ಆಫೀಸಿನ ಟೆಸ್ಟಿಂಗ್ ಟೀಮಿನ ಹುಡುಗ. ಒಂದೇ ಮಹಡಿಯಲ್ಲಿ ಕೂರುತ್ತಾರೆ. ಕಾಫಿಗೆ ಹೊರಟಾಗ ಇವಳ ಮೇಜಿನ ಹತ್ತಿರ ನಿಂತು ಕರೆಯುತ್ತಾನೆ, ರಾತ್ರಿ ಎಂಟು ದಾಟಿದ ಮೇಲೂ ಮೆಸೇಜ್ ಮಾಡುತ್ತಾನೆ, ಇವಳು ರಜೆ ಹಾಕಿದ ಮರುದಿನ "ನಿನ್ನೆ ಎಲ್ಲಿ ಕಾಣಲೇ ಇಲ್ಲ?" ಅಂತ ಕೇಳಿದ್ದಾನೆ. ಅವಳ ಹತ್ತಿರ ಇದ್ದ ಸಾಕ್ಷಿ ಇಷ್ಟೇ.

ನನ್ನ ಹತ್ತಿರ ಶಕುನ ನೋಡುವ ಮೂರು ಬಗೆಯ ಸಾಮಾನುಗಳಿವೆ: 44 ಕಾರ್ಡಿನ ಒಂದು ಓರಕಲ್ ಡೆಕ್, ಬಟ್ಟೆ ಚೀಲದಲ್ಲಿ 24 ರೂನ್ ಕಲ್ಲು, ಮೂಲೆ ಸವೆದ ಒಂದು ಟ್ಯಾರೋ ಕಟ್ಟು. ಒಂದೇ ಪ್ರಶ್ನೆಗೆ ಮೂರರಲ್ಲೂ ಎತ್ತುವುದು ನನ್ನ ಪದ್ಧತಿಯಲ್ಲ. ಆದರೆ "ಯಾವುದು ಸರಿಯಾಗಿ ಹೇಳತ್ತೆ?" ಅಂತ ಅವಳು ಪಟ್ಟು ಹಿಡಿದಿದ್ದರಿಂದ ಆ ದಿನ ಮೂರನ್ನೂ ಹರಡಿದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಎತ್ತಬೇಕು ಅಂತ ಕೇಳುವವರಿಗೆ ಆ ಮಧ್ಯಾಹ್ನದ ಕಥೆಯನ್ನೇ ಹೇಳಿಬಿಡುತ್ತೇನೆ. ಒಂದು ಮಾತು ಮೊದಲೇ ಇರಲಿ: ಈ ಮೂರರಲ್ಲಿ ಯಾವುದಕ್ಕೂ ಇನ್ನೊಬ್ಬರ ತಲೆಯೊಳಗೆ ಇಣುಕುವ ಶಕ್ತಿ ಇಲ್ಲ. ಎತ್ತಿದ ಚಿಹ್ನೆಯ ಅರ್ಥವನ್ನು ನೀವು ನಿಮಗೆ ಬೇಕಾದ ಕಡೆಗೆ ಎಷ್ಟು ಎಳೆಯಬಹುದು ಅನ್ನುವುದರಲ್ಲಿ ಮಾತ್ರ ಇವುಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ಕ್ರಶ್ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಆ ಎಳೆತವೇ.

ಓರಕಲ್: ಡೆಕ್ ಮಾಡಿದವರೇ ಕಾನೂನು ಮಾಡಿದವರು

ಓರಕಲ್ ಡೆಕ್‌ಗೆ ಇಷ್ಟೇ ಕಾರ್ಡ್ ಇರಬೇಕು, ಇಂಥದ್ದೇ ಚಿತ್ರ ಇರಬೇಕು ಅನ್ನುವ ನಿಯಮವಿಲ್ಲ. ಒಂದರಲ್ಲಿ 36 ಇರಬಹುದು, ಇನ್ನೊಂದರಲ್ಲಿ 60. ಒಂದು ಡೆಕ್ ತುಂಬ ಪ್ರಾಣಿಗಳು, ಇನ್ನೊಂದರಲ್ಲಿ ದೇವತೆಗಳು, ಮತ್ತೊಂದರಲ್ಲಿ ಬರೀ ಚಂದ್ರನ ಕಲೆಗಳು. ಜೊತೆಗೆ ಬರುವ ಚಿಕ್ಕ ಪುಸ್ತಕವೇ ಅದರ ನಿಘಂಟು, ಆ ನಿಘಂಟು ಪಕ್ಕದ ಡೆಕ್‌ಗೆ ನಡೆಯುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ಗಿಣಿಶಾಸ್ತ್ರದವನು ಸಾಲಾಗಿ ಜೋಡಿಸಿಟ್ಟ ಕಾರ್ಡುಗಳಿಂದ ಗಿಣಿಯ ಕೈಲಿ ಒಂದನ್ನು ಎಳೆಸುತ್ತಾನಲ್ಲ, ನನಗೆ ಅದು ಓರಕಲ್‌ನ ನೆಂಟನ ಹಾಗೇ ಕಾಣುತ್ತದೆ. ದೇವರ ಚಿತ್ರ ಬರುತ್ತದೆ, ಉಳಿದದ್ದು ಓದುವವನ ಬಾಯಲ್ಲಿದೆ.

ಗೆಳತಿಗೆ ಬಂದದ್ದು ಸೇತುವೆ. ಮಂಜು ಮುಸುಕಿದ ಹೊಳೆ, ಮೇಲೆ ಹಗ್ಗದ ತೂಗುಸೇತುವೆ, ಕೆಳಗೆ ಒಂದೇ ಪದ: ನಂಬಿಕೆ. ಕಾರ್ಡ್ ತಿರುಗಿಸಿದ ಎರಡನೇ ಕ್ಷಣಕ್ಕೆ ಅವಳ ಮುಖ ಅರಳಿತು. "ನೋಡಿದ್ಯಾ, ದಾಟಿ ಬರ್ತಾನೆ ಕಣೇ." ನಾನು ಕೇಳಿದೆ, ಚಿತ್ರದಲ್ಲಿ ಸೇತುವೆ ಮೇಲೆ ಯಾರಾದರೂ ಇದ್ದಾರಾ? ಯಾರೂ ಇರಲಿಲ್ಲ. ದಾಟಬೇಕಾದವಳು ಅವಳೂ ಆಗಿರಬಹುದಲ್ಲ? ಅಥವಾ ಆ ಸೇತುವೆ ಈ ಕೆಲಸದಿಂದ ಮುಂದಿನ ಕೆಲಸಕ್ಕೆ ಹೋಗುವ ದಾರಿಯೂ ಆಗಬಹುದಲ್ಲ? ಪುಸ್ತಕ ತೆಗೆದು ನೋಡಿದರೆ ಅಲ್ಲಿ ಇದ್ದದ್ದು, ಬದುಕಿನ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಧೈರ್ಯ ಇರಲಿ ಅನ್ನುವ ಅರ್ಥದ ನಾಲ್ಕು ಸಾಲು. ಹುಡುಗನ ಮಾತೇ ಇಲ್ಲ, ಹುಡುಗ ಬರುವುದಿಲ್ಲ ಅನ್ನುವ ಮಾತೂ ಇಲ್ಲ.

ಓರಕಲ್‌ನ ಬಲವೂ ಇದೇ, ತೊಡಕೂ ಇದೇ. ಆ ಸೇತುವೆ ಅವನ ಬಗ್ಗೆ ಏನೂ ಹೇಳಲಿಲ್ಲ, ಆದರೆ ಗೆಳತಿ ಏನನ್ನು ಕಾಯುತ್ತಿದ್ದಾಳೆ ಅನ್ನುವುದನ್ನು ಎರಡು ಕ್ಷಣದಲ್ಲಿ ತೋರಿಸಿತು. ಅವನೇ ಬರಬೇಕು, ತಾನು ಕದಲಬಾರದು. ತನ್ನ ಮನಸ್ಸನ್ನು ತಾನು ಓದಿಕೊಳ್ಳಲು ಓರಕಲ್‌ಗಿಂತ ಸಲೀಸಾದದ್ದು ಇಲ್ಲ. ಅವನ ಮನಸ್ಸನ್ನು ಓದಲು ಕೂತರೆ ಇದರಷ್ಟು ಮೋಸ ಮಾಡುವುದೂ ಇಲ್ಲ.

ಕೊಳ್ಳುವವರಿಗೆ ಇಲ್ಲೊಂದು ಪರೀಕ್ಷೆ ಇದೆ. ಪುಸ್ತಕವನ್ನು ಮೊದಲಿಂದ ಕೊನೆವರೆಗೂ ತಿರುವಿ, ನಿಮ್ಮ ಕ್ರಶ್ ಬಗ್ಗೆ ಎತ್ತಿದಾಗ ಬಂದರೆ ನಿಮಗೆ ಬೇಜಾರಾಗುವಂಥ ಕಾರ್ಡ್ ಎಷ್ಟಿವೆ ಅಂತ ಎಣಿಸಿ. ನನ್ನ ಡೆಕ್‌ನಲ್ಲಿ 44ಕ್ಕೆ ಐದು ಸಿಕ್ಕವು. ಅವೂ "ಸ್ವಲ್ಪ ತಾಳ್ಮೆ" ಅನ್ನುವ ಜಾತಿಯವು. "ಇಲ್ಲ" ಅನ್ನಲು ಬಾರದ ಡೆಕ್ "ಹೌದು" ಅಂದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ನೀವೇ ನೋಡಿ.

ರೂನ್: 24 ಅಕ್ಷರ, ಪ್ರತಿಯೊಂದಕ್ಕೂ ಜಗಳವಾಡುವ ಎರಡು ಅರ್ಥ

ರೂನ್‌ಗಳು ಚಿತ್ರಗಳಲ್ಲ, ಅಕ್ಷರಗಳು. ಉತ್ತರ ಯುರೋಪಿನ ಜರ್ಮಾನಿಕ್ ಜನ ಬರೆಯಲು ಬಳಸಿದ ಲಿಪಿ. ಈಗ ಮಾರುವ ಕಲ್ಲುಗಳ ಮೇಲಿರುವುದು ಸಾಮಾನ್ಯವಾಗಿ ಅದರ ಹಳೆಯ ರೂಪ, ಹಿರಿಯ ಫುಥಾರ್ಕ್. ಮೊದಲ ಆರು ಅಕ್ಷರಗಳ ಸದ್ದು ಸೇರಿಸಿ ಇಟ್ಟ ಹೆಸರು ಅದು, ನಾವು ಅಆಇಈ ಅನ್ನುವ ಹಾಗೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 400ರ ಕಲ್ಲೊಂದರ ಮೇಲೆ ಈ ಅಕ್ಷರಮಾಲೆಯನ್ನು ಸಾಲಾಗಿ ಕೊರೆದಿದ್ದಾರೆ. ಚೀಲದಲ್ಲಿ ಏನೂ ಬರೆಯದ 25ನೇ ಕಲ್ಲು ಇದ್ದರೆ ಪಕ್ಕಕ್ಕಿಡಿ. ಖಾಲಿ ರೂನ್ ಅನ್ನುವುದು 1982ರಲ್ಲಿ ಅಮೆರಿಕದ ಒಂದು ಪುಸ್ತಕದ ಜೊತೆ ಹಬ್ಬಿದ ಸೇರ್ಪಡೆ. ಖಾಲಿ ಅಕ್ಷರದಿಂದ ಯಾರೂ ಏನನ್ನೂ ಬರೆದವರಿಲ್ಲ.

ಚಿಹ್ನೆ ಎತ್ತಿ ಶಕುನ ನೋಡುವ ಕ್ರಮ ಮಾತ್ರ ಹಳೆಯದೇ. ಮೊದಲ ಶತಮಾನದ ಕೊನೆಯಲ್ಲಿ ರೋಮಿನ ಇತಿಹಾಸಕಾರ ಟಾಸಿಟಸ್ ಈ ಜರ್ಮಾನಿಕ್ ಜನರ ಬಗ್ಗೆ ಬರೆದಿಟ್ಟಿದ್ದಾನೆ: ಕಾಯಿ ಬಿಡುವ ಮರದ ಕೊಂಬೆಯನ್ನು ತುಂಡು ಮಾಡಿ, ಗುರುತು ಹಾಕಿ, ಬಿಳಿ ಬಟ್ಟೆ ಮೇಲೆ ಚೆಲ್ಲಿ, ಆಕಾಶ ನೋಡುತ್ತ ಒಂದೊಂದಾಗಿ ಮೂರನ್ನು ಎತ್ತುತ್ತಿದ್ದರಂತೆ. ಆ ಗುರುತುಗಳು ರೂನ್‌ಗಳೇ ಅಂತ ಅವನು ಹೇಳಿಲ್ಲ. ಉತ್ತರ ಬೇಡ ಅಂತ ಬಂದರೆ ಅದೇ ವಿಷಯವನ್ನು ಆ ದಿನ ಮತ್ತೆ ಕೇಳುತ್ತಿರಲಿಲ್ಲ ಅಂತಲೂ ಬರೆದಿದ್ದಾನೆ. ಈ ಒಂದು ನಿಯಮ ನಮ್ಮವರಿಗೆ ಬೇಗ ರೂಢಿಯಾಗಬೇಕು.

ಗೆಳತಿ ಚೀಲಕ್ಕೆ ಕೈ ಹಾಕಿ ಮೂರು ಕಲ್ಲು ತೆಗೆದಳು. ಗೆಬೊ, ಇಸಾ, ರೈಡೊ.

ಗೆಬೊ ನೋಡಲು ಗುಣಿಸುವ ಚಿಹ್ನೆಯ ಹಾಗಿದೆ. ಅರ್ಥ ಕೊಡುಗೆ. ಇವತ್ತಿನ ಪುಸ್ತಕಗಳು ಇದನ್ನು ಪ್ರೇಮದ ರೂನ್ ಅನ್ನುತ್ತವೆ. ಇಂಗ್ಲಿಷಿನವರು ಪತ್ರದ ಕೊನೆಗೆ ಮುತ್ತಿನ ಗುರುತಾಗಿ ಹಾಕುವ ಅಕ್ಷರವೂ ಇದೇ ಆಕಾರದ್ದಾದ್ದರಿಂದ ಆ ಅರ್ಥ ಬೇಗ ಅಂಟಿಕೊಳ್ಳುತ್ತದೆ. ಆದರೆ ಒಂದೊಂದು ರೂನ್ ಹೆಸರಿಗೂ ಒಂದೊಂದು ಪದ್ಯ ಹೇಳುವ ಹಳೆ ಇಂಗ್ಲಿಷಿನ ರೂನ್ ಕವಿತೆಯಲ್ಲಿ ಕೊಡುಗೆ ಅಂದರೆ ಗೌರವ, ಗತಿಯಿಲ್ಲದವರಿಗೆ ಆಸರೆ. ಉತ್ತರದವರ ಲೋಕದಲ್ಲಿ ಕೊಡುಗೆ ಪಡೆದವನ ಮೇಲೆ ಮರುಕೊಡುಗೆಯ ಹೊರೆ ಬೀಳುತ್ತಿತ್ತು. ಈ ಕಣ್ಣಲ್ಲಿ ನೋಡಿದರೆ ಗೆಬೊ ಹೇಳುವುದು ದಿನಾ ಅವನು ಕೊಡಿಸುವ ಕಾಫಿಯ ಲೆಕ್ಕ. ಗೆಳತಿ ತಾನೂ ಒಂದೆರಡು ಸಲ ಕೊಡಿಸಿದ್ದನ್ನು ನೆನಪಿಸಿಕೊಂಡಳು.

ಇಸಾ ಒಂದೇ ಒಂದು ನೆಟ್ಟನೆ ಗೆರೆ. ಅರ್ಥ ಮಂಜುಗಡ್ಡೆ. ಹೊಸ ಪುಸ್ತಕಗಳಲ್ಲಿ ಇದು ನಿಂತುಹೋಗುವುದು, ಹೆಪ್ಪುಗಟ್ಟಿದ ಭಾವನೆ. ಅದನ್ನು ಕೇಳಿ ಗೆಳತಿಯ ಮುಖ ಇಳಿಯಿತು. ನಾರ್ವೆಯ ಹಳೆ ರೂನ್ ಕವಿತೆ ಮಂಜುಗಡ್ಡೆಯನ್ನು ಅಗಲವಾದ ಸೇತುವೆ ಅನ್ನುತ್ತದೆ, ಕುರುಡನನ್ನು ಕೈಹಿಡಿದು ನಡೆಸಬೇಕು ಅನ್ನುತ್ತದೆ. ಚಳಿಗಾಲದಲ್ಲಿ ಹೊಳೆ ಗಟ್ಟಿಯಾದರೆ ಅದೇ ದಾರಿ, ಅಲ್ಲಿಯವರಿಗೆ ಅದು ಕಣ್ಣೆದುರಿನ ಸಂಗತಿ. ಐಸ್‌ಲ್ಯಾಂಡಿನ ಕವಿತೆಯಲ್ಲಿ ಅದೇ ಮಂಜುಗಡ್ಡೆ ಸಾವು ಬರೆದವರ ಪಾಲಿಗೆ ವಿನಾಶ. ಅಂದರೆ ಒಂದೇ ಗೆರೆ ನಿಲ್ಲು ಅನ್ನುತ್ತದೆ, ದಾಟು ಅನ್ನುತ್ತದೆ, ಮುಳುಗೀಯ ಅನ್ನುತ್ತದೆ. "ಸೇತುವೆ ಮತ್ತೆ ಬಂತು!" ಅಂತ ಅವಳು ಚಪ್ಪಾಳೆ ತಟ್ಟಿದಳು. ನಾನು ನಾರ್ವೆಯ ಕವಿತೆ ಹೇಳದೆ ಇದ್ದಿದ್ದರೆ ಅದು ಸೇತುವೆ ಆಗುತ್ತಲೇ ಇರಲಿಲ್ಲ. ರೂನ್ ಓದುವವರ ಕೈಯಲ್ಲಿ ಇಷ್ಟು ಅಧಿಕಾರ ಇದೆ.

ಕೆನಾಜ್ ಅನ್ನುವ ರೂನ್ ಇನ್ನೂ ಬೆರಗಿನದು. ಹಳೆ ಇಂಗ್ಲಿಷಿನಲ್ಲಿ ಅದು ಪಂಜು, ನಾರ್ವೆ ಮತ್ತು ಐಸ್‌ಲ್ಯಾಂಡಿನ ಕವಿತೆಗಳಲ್ಲಿ ಅದು ಹುಣ್ಣು. ಅಂಗಡಿ ಪುಸ್ತಕಗಳು ಪಂಜನ್ನು ಇಟ್ಟುಕೊಂಡು ಹುಣ್ಣನ್ನು ಬಿಟ್ಟಿವೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಹುಣ್ಣು ಮಾರುವುದು ಕಷ್ಟ.

ಮೂರನೆಯದು ರೈಡೊ, ಸವಾರಿ. ಹಳೆ ಇಂಗ್ಲಿಷ್ ಕವಿತೆ ಇಲ್ಲಿ ಚುರುಕಾಗಿದೆ: ಮನೆಯೊಳಗೆ ಕೂತವನಿಗೆ ಸವಾರಿ ಸುಲಭವಾಗಿ ಕಾಣುತ್ತದೆ, ಕುದುರೆ ಮೇಲೆ ದೂರದಾರಿ ಹೋಗುವವನಿಗೆ ಅದರ ಕಷ್ಟ ಗೊತ್ತು. ನಾನು ಇದನ್ನಷ್ಟೇ ಓದಿ ಸುಮ್ಮನಾದೆ. ಗೆಳತಿ ಸ್ವಲ್ಪ ಹೊತ್ತು ಕಲ್ಲನ್ನು ಅಂಗೈಯಲ್ಲಿ ಹೊರಳಿಸಿ, "ನಾನು ಒಂದ್ಸಲವೂ ಅವನನ್ನ ಆಫೀಸಿಂದ ಹೊರಗೆ ಎಲ್ಲಿಗೂ ಕರೆದಿಲ್ಲ" ಅಂದಳು. ಆ ಮಧ್ಯಾಹ್ನದಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಮೊದಲ ಮಾತು ಅದು.

ರೂನ್ ನನಗೆ ಹಿಡಿಸುವುದು ಅದಕ್ಕೇ. ಚಿತ್ರ ಇಲ್ಲ, ಮುಖಗಳಿಲ್ಲ, ಕಾರ್ಡಿನ ಮೇಲಿನ ಸುಂದರ ಯುವಕನನ್ನು ನೋಡಿ ಟೆಸ್ಟಿಂಗ್ ಟೀಮಿನವನನ್ನು ಕಾಣುವ ಅವಕಾಶವಿಲ್ಲ. ಸವಾರಿ, ಮಂಜು, ಆಲಿಕಲ್ಲು, ಕೊರತೆ ಅನ್ನುವ ಒರಟು ಪದಗಳು ನಿಮ್ಮನ್ನು "ನಾನು ಏನು ಮಾಡಲಿ?" ಅನ್ನುವ ಕಡೆಗೆ ತಳ್ಳುತ್ತವೆ. ಆದರೆ ಒಂದು ಚಿಹ್ನೆಗೆ ಯಾವ ಅರ್ಥ ಹಿಡಿಯುತ್ತೀರಿ ಅನ್ನುವುದನ್ನು ಕಲ್ಲು ಎತ್ತುವ ಮೊದಲೇ ತೀರ್ಮಾನಿಸಿರಬೇಕು. ನಾನು 24ಕ್ಕೂ ಒಂದೊಂದು ಸಾಲು ಬರೆದ ಹಾಳೆಯನ್ನು ಚೀಲದಲ್ಲೇ ಇಟ್ಟಿರುತ್ತೇನೆ. ಆ ದಿನ ಬೇಕೆಂದೇ ತೆಗೆಯಲಿಲ್ಲ. ಅದಿಲ್ಲದಿದ್ದರೆ ಏನಾಗುತ್ತದೆ ಅಂತ ಈಗಷ್ಟೇ ನೋಡಿದಿರಿ.

ಪ್ರೇಮಕ್ಕಾಗಿ ರೂನ್ ಮುಟ್ಟುವವರಿಗೆ ಐಸ್‌ಲ್ಯಾಂಡಿನವರು ಹಿಂದೆಯೇ ಒಂದು ಕಥೆ ಹೇಳಿಟ್ಟಿದ್ದಾರೆ. ಎಗಿಲ್‌ನ ಸಾಗಾ ಅನ್ನುವ ಹಳೆಯ ವೀರಕಥೆಯಲ್ಲಿ ಒಬ್ಬ ಹಳ್ಳಿ ಹುಡುಗ ತಾನು ಮೆಚ್ಚಿದ ಹುಡುಗಿಯ ಹಾಸಿಗೆಯಲ್ಲಿ ತಿಮಿಂಗಿಲದ ಎಲುಬಿನ ಮೇಲೆ ರೂನ್ ಕೊರೆದು ಇಡುತ್ತಾನೆ. ಕೊರೆದದ್ದು ತಪ್ಪಾಗಿ ಹುಡುಗಿ ಕಾಯಿಲೆ ಬೀಳುತ್ತಾಳೆ. ಕಥೆಯ ನಾಯಕ ಎಗಿಲ್ ಆ ಅಕ್ಷರಗಳನ್ನು ಹೆರೆದು ಸುಟ್ಟು, ಓದಲು ಬಾರದವರು ರೂನ್ ಕೊರೆಯಬಾರದು ಅನ್ನುತ್ತಾನೆ.

ಟ್ಯಾರೋ: ಮುಖ ಮುರಿಯಲು ಹೆದರದ ಕಟ್ಟು

ಟ್ಯಾರೋದಲ್ಲಿ 78 ಕಾರ್ಡ್. 22 ದೊಡ್ಡವು, 56 ಚಿಕ್ಕವು. ಚಿಕ್ಕವು ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಬಣ್ಣ: ಬಟ್ಟಲು, ಕೋಲು, ಕತ್ತಿ, ನಾಣ್ಯ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ ಇದು ಹುಟ್ಟಿದ್ದೇ ಆಟದ ಕಾರ್ಡಾಗಿ. ಭವಿಷ್ಯ ನೋಡುವ ಚಾಳಿ ಜೋರಾದದ್ದು ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ. ಈಗ ಹೆಚ್ಚಿನವರ ಕೈಯಲ್ಲಿರುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು, ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಚಿಕ್ಕ ಕಾರ್ಡುಗಳಿಗೂ ಅವಳು ಪೂರ್ತಿ ದೃಶ್ಯ ಬರೆದಳು. ಕೊಳ್ಳುವಾಗ ಇದನ್ನೇ ನೋಡಿ. ಐದು ಬಟ್ಟಲು ಅನ್ನುವ ಕಾರ್ಡಿನಲ್ಲಿ ಬರೀ ಐದು ಬಟ್ಟಲು ಜೋಡಿಸಿದ್ದರೆ ಹೊಸಬರಿಗೆ ಓದುವುದು ಕಷ್ಟ.

ಟ್ಯಾರೋ ಬಿಗಿಯಾದದ್ದು ಅಂದಾಗ ಅದು ಹೆಚ್ಚು ಸತ್ಯ ಅಂತಲ್ಲ. ಬಣ್ಣಗಳಿಗೆ ಕ್ಷೇತ್ರ ಹಂಚಿಯಾಗಿದೆ: ಬಟ್ಟಲು ಭಾವನೆಯದು, ನಾಣ್ಯ ದುಡಿಮೆಯದು, ಕತ್ತಿ ಯೋಚನೆ ಮತ್ತು ಜಗಳದ್ದು, ಕೋಲು ಹುರುಪಿನದು. ನೀವು ಪ್ರೇಮದ ಪ್ರಶ್ನೆ ಕೇಳಿ ನಾಣ್ಯ ಬಂದರೆ ಕಾರ್ಡ್ ವಿಷಯ ಬದಲಿಸಿತು ಅಂತ ಅರ್ಥ, ಅದನ್ನು ಪ್ರೇಮ ಮಾಡಲು ನಾಚಿಕೆ ಬಿಟ್ಟು ಎಳೆಯಬೇಕಾಗುತ್ತದೆ. ಓರಕಲ್‌ನಲ್ಲಿ ಆ ನಾಚಿಕೆಯೇ ಬೇಕಿಲ್ಲ. ಟ್ಯಾರೋದಲ್ಲಿ ಬಣ್ಣಗಳ ಜೊತೆ ಸ್ಥಾನಗಳೂ ಇವೆ, ಕಾರ್ಡ್ ಇಡುವ ಒಂದೊಂದು ಜಾಗಕ್ಕೂ ಮೊದಲೇ ಒಂದೊಂದು ಅರ್ಥ. ಕ್ರಶ್‌ಗೆ ನಾನು ಭೂತ, ವರ್ತಮಾನ, ಭವಿಷ್ಯ ಅಂತ ಇಡುವುದಿಲ್ಲ, ಭವಿಷ್ಯದ ಜಾಗ ಕನಸಿಗೆ ಬಾಗಿಲು ತೆರೆದುಬಿಡುತ್ತದೆ. ನನ್ನ ಮೂರು ಜಾಗಗಳು ಇವು: ನಾನು ಕಣ್ಣಾರೆ ಕಂಡದ್ದು, ನಾನು ಊಹಿಸಿಕೊಂಡದ್ದು, ಈ ವಾರ ಮಾಡಬಹುದಾದದ್ದು.

ಕಂಡದ್ದರ ಜಾಗಕ್ಕೆ ಮೂರು ನಾಣ್ಯ ಬಂತು. ಚರ್ಚಿನ ಕಮಾನಿನ ಕೆಳಗೆ ಬೆಂಚಿನ ಮೇಲೆ ನಿಂತ ಕಲ್ಲುಕುಟಿಗ, ಎದುರಿಗೆ ಒಬ್ಬ ಸನ್ಯಾಸಿ ಮತ್ತು ನಕ್ಷೆ ಹಿಡಿದ ಇನ್ನೊಬ್ಬರು. ಒಟ್ಟಾಗಿ ಕೆಲಸ ಮಾಡುವವರ ಕಾರ್ಡ್. ಪಕ್ಕಾ ಆಫೀಸು. ಗೆಳತಿ ಅದನ್ನು ಒಂದು ನಿಮಿಷ ದಿಟ್ಟಿಸಿ, "ಇದನ್ನ ಬಿಡು, ಮುಂದಿನದು ತೆಗಿ" ಅಂದಳು. ಸೇತುವೆಗೆ ಅವಳು ಹೀಗೆ ಹೇಳಿರಲಿಲ್ಲ ಅನ್ನುವುದನ್ನು ಗಮನಿಸಿ.

ಊಹಿಸಿಕೊಂಡದ್ದರ ಜಾಗಕ್ಕೆ ಬಟ್ಟಲಿನ ಸರದಾರ. ಬಿಳಿ ಕುದುರೆ, ರೆಕ್ಕೆ ಸಿಕ್ಕಿಸಿದ ಶಿರಸ್ತ್ರಾಣ, ಕೈಯಲ್ಲಿ ಬಟ್ಟಲು ಚಾಚಿಕೊಂಡು ನಿಧಾನ ಬರುವ ಯುವಕ. "ಬಂದ ನೋಡು!" ಅಂದಳು. ಬಂದ, ಹೌದು, ಆದರೆ ಯಾವ ಜಾಗಕ್ಕೆ ಬಂದ? ಇದೇ ಕಾರ್ಡ್ ಒಂಟಿಯಾಗಿ ಎತ್ತಿದ್ದರೆ ಅವಳು ಅವತ್ತು ಸಂಜೆಯೇ ಸೀರೆ ಆರಿಸುತ್ತಿದ್ದಳು. ಎರಡನೇ ಜಾಗದಲ್ಲಿ ಕೂತಾಗ ಅದು ಅವಳ ತಲೆಯೊಳಗಿನ ಸರದಾರ. ಓರಕಲ್ ಕಾರ್ಡಿಗೂ ಹೀಗೆ ಜಾಗ ಕೊಡಬಹುದು, ಕೊಡಿ ಅಂತಲೇ ಹೇಳುತ್ತೇನೆ, ಆದರೆ ಸೇತುವೆ ಯಾವ ಜಾಗದಲ್ಲಿ ಕೂತರೂ ಚೆನ್ನಾಗಿಯೇ ಕಾಣುತ್ತದೆ.

ಮೂರನೇ ಜಾಗಕ್ಕೆ ನಾಲ್ಕು ಕತ್ತಿ. ಸಮಾಧಿಯ ಮೇಲೆ ಕೈಮುಗಿದು ಮಲಗಿದ ಯೋಧನ ಪ್ರತಿಮೆ. ಇದು ಸಾವಿನ ಕಾರ್ಡಲ್ಲ, ವಿಶ್ರಾಂತಿಯದು. ಈ ವಾರ ಏನೂ ಮಾಡಬೇಡ.

ಒಂದು ಸಣ್ಣ ಲೆಕ್ಕ

"ಆದ್ರೂ ಬಟ್ಟಲು ಬಂತಲ್ಲ, ಸುಮ್ನೆ ಬರತ್ತಾ?" ಅಂತ ಅವಳು ಬಿಡಲಿಲ್ಲ. ಸುಮ್ಮನೆ ಬರುತ್ತದೆ. 78ರಲ್ಲಿ 14 ಬಟ್ಟಲುಗಳಿವೆ. ಮೂರು ಕಾರ್ಡ್ ಎತ್ತಿದರೆ ಒಂದಾದರೂ ಬಟ್ಟಲು ಬೀಳುವ ಸಾಧ್ಯತೆ 100ಕ್ಕೆ 45. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ರೂನ್‌ನಲ್ಲಿ ಕೊಡುಗೆ, ಸಂತೋಷ, ಜೋಡಿ ಕುದುರೆ, ನೀರು ಅಂತ ಪ್ರೇಮಕ್ಕೆ ಬಗ್ಗಿಸಬಹುದಾದವು ನನ್ನ ಎಣಿಕೆಯಲ್ಲಿ ಎಂಟು. 24ರಲ್ಲಿ ಎಂಟು ಅಂದರೆ, ಮೂರು ಕಲ್ಲಿನಲ್ಲಿ ಒಂದಾದರೂ ಬರುವ ಸಾಧ್ಯತೆ 100ಕ್ಕೆ 72. ಪ್ರೇಮಕ್ಕೆಂದೇ ಮಾಡಿದ ಓರಕಲ್ ಡೆಕ್ ತೆಗೆದುಕೊಂಡರೆ ಲೆಕ್ಕವೇ ಬೇಡ, ಪ್ರತಿ ಕಾರ್ಡೂ ಪ್ರೇಮದ್ದೇ. ಚಿಹ್ನೆ ಸಡಿಲವಾದಷ್ಟೂ "ನೋಡು, ಬಂತು!" ಅನ್ನುವ ಕ್ಷಣ ಅಗ್ಗವಾಗುತ್ತ ಹೋಗುತ್ತದೆ. ಒಂದರ ಅರ್ಥ ತಿಳಿಯಲಿಲ್ಲ ಅಂತ ಅದರ ಮೇಲೆ ಇನ್ನೊಂದು, ಮತ್ತೊಂದು ಎತ್ತುವವರಿದ್ದಾರಲ್ಲ, ಅವರು ಈ ಸಾಧ್ಯತೆಯನ್ನು ತಮ್ಮ ಕೈಯಾರೆ 100ರ ಹತ್ತಿರ ತಳ್ಳುತ್ತಿರುತ್ತಾರೆ.

ಹಾಗಾದರೆ ಯಾವುದು? ಇವನ ಮೇಲೆ ನನಗಿರುವುದು ಪ್ರೀತಿಯೋ, ಕೆಲಸದ ಬೇಸರ ಕಳೆಯಲು ಸಿಕ್ಕ ನೆಪವೋ ಅಂತ ನಿಮ್ಮೊಳಗೆ ನೀವೇ ಗೊಂದಲದಲ್ಲಿದ್ದರೆ ಓರಕಲ್ ಎತ್ತಿ. ಒಂದೇ ಕಾರ್ಡ್ ಸಾಕು. ಚಿತ್ರ ನೋಡಿದಾಗ ಮೊದಲು ಬಾಯಿಗೆ ಬಂದ ಮಾತನ್ನು ಪುಸ್ತಕ ತೆರೆಯುವ ಮುಂಚೆ ಬರೆದಿಡಿ, ಓದಬೇಕಾದದ್ದು ಆ ಮಾತನ್ನು. ಮನಸ್ಸು ಗೊತ್ತಿದೆ, ಹೆಜ್ಜೆ ಇಡಲು ಆಗುತ್ತಿಲ್ಲ ಅನ್ನುವವರಿಗೆ ರೂನ್, ಅರ್ಥದ ಹಾಳೆಯನ್ನು ಎದುರಿಗೆ ಇಟ್ಟುಕೊಂಡು. ಅವನು ಮಾಡಿದ್ದೆಷ್ಟು, ನಾನು ಕಟ್ಟಿಕೊಂಡದ್ದೆಷ್ಟು ಅಂತ ಬೇರ್ಪಡಿಸಬೇಕಾದವರಿಗೆ ಟ್ಯಾರೋ. ಆಫೀಸಿನ ಕ್ರಶ್‌ಗಳಲ್ಲಿ ನಾನು ಕಂಡಂತೆ ಹೆಚ್ಚಿನವು ಈ ಕೊನೆಯ ಜಾತಿಯವು. ಎಂಟು ಗಂಟೆ ಒಂದೇ ಮಹಡಿಯಲ್ಲಿ ಕೂತರೆ ಸಾಮಾನ್ಯ ಸೌಜನ್ಯವೂ ಸೂಚನೆಯಂತೆ ಕಾಣತೊಡಗುತ್ತದೆ.

ಆ ವ್ಯಕ್ತಿ ನಿಮ್ಮ ಕೈಕೆಳಗೆ ಕೆಲಸ ಮಾಡುವವರಾದರೆ, ಅಥವಾ ಒಮ್ಮೆ ಬೇಡ ಅಂದಿದ್ದರೆ, ನಾನು ಯಾವ ಕಟ್ಟನ್ನೂ ಬಿಚ್ಚುವುದಿಲ್ಲ. ಬೇಡ ಅಂದ ಮೇಲೂ ಬೆನ್ನು ಬಿದ್ದರೆ ಅದು ಕಾರ್ಡಿನ ವಿಷಯವಾಗಿ ಉಳಿಯುವುದಿಲ್ಲ. ಮಹಿಳೆಯರ ರಕ್ಷಣೆಗೆ 2013ರ ಕಾನೂನಿದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. "ಗೆಬೊ ಬಂದಿತ್ತು" ಅನ್ನುವ ಸಮಜಾಯಿಷಿ ಆ ಸಮಿತಿಯ ಮುಂದೆ ನಡೆಯುವುದಿಲ್ಲ.

ಗೆಳತಿ ಆ ವಾರ ಸುಮ್ಮನಿದ್ದಳು. ಮುಂದಿನ ವಾರ ಕಾಫಿ ಅವಳೇ ಕೊಡಿಸಿದಳು. ಮೂರನೇ ವಾರ ಧೈರ್ಯ ಮಾಡಿ ಮೆಸೇಜ್ ಹಾಕಿದಳು, "ಶನಿವಾರ ಬೆಳಗ್ಗೆ ದೋಸೆಗೆ ಬರ್ತೀರಾ?" ಹತ್ತು ನಿಮಿಷಕ್ಕೆ ಉತ್ತರ ಬಂತು, "ಖಂಡಿತ! ಟೀಮಿನವರಿಗೂ ಹೇಳ್ಲಾ?" ಇದನ್ನು ಮೂರು ನಾಣ್ಯದ ಗೆಲುವು ಅಂತ ನಾನು ಎಣಿಸುವುದಿಲ್ಲ, ಅವಳ ಸಾಕ್ಷಿಗಳನ್ನು ಕೇಳಿದ ಯಾರೇ ಆಗಲಿ ಇಷ್ಟನ್ನು ಊಹಿಸುತ್ತಿದ್ದರು.

ಆ ಮೆಸೇಜಿನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಅವಳು ಭಾನುವಾರ ಮತ್ತೆ ಬಂದಳು. "ಟೀಮಿನವರಿಗೂ ಅಂದ್ರೆ ಏನರ್ಥ ಅಂತ ಒಂದೇ ಒಂದು ಕಾರ್ಡ್ ಎತ್ತೋಣ ಕಣೇ." ನಾನು ಮೂರನ್ನೂ ಬೀರುವಿನಲ್ಲಿಟ್ಟು, ಇಡ್ಲಿ ಹಿಟ್ಟು ಇದೆ, ದೋಸೆ ಹುಯ್ಯಲಾ ಅಂತ ಕೇಳಿದೆ.